ಫಾಯಿಲ್ ಗೆದ್ದದ್ದು ಹೇಗೆ?

14 ಡಿಸೆಂಬರ್ 2025, ಭಾನುವಾರ, ಪುಣೆ

ಅಣ್ಣನ ಮಗಳು ವೈಷ್ಣವಿ ಎಂಟನೇ ಇಯತ್ತೆ. ಮುಂದಿನ ವಾರ ಅವಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಶಾಖ ತಡೆಯುವ ವಸ್ತುಗಳಲ್ಲಿ ಯಾವುದು ಮೇಲು ಎಂದು ದೀಪ, ಥರ್ಮಾಮೀಟರ್ ಇಟ್ಟು ತೋರಿಸಬೇಕಂತೆ. ನಾನು ಕೋಲ್ಡ್ ಸ್ಟೋರೇಜ್ ಗೋಡೆಗಳಿಗೆ ಶಾಖ ತಡೆಯುವ ಪಫ್ ಪ್ಯಾನೆಲ್ ಕೂರಿಸುವ ಕೆಲಸದವನು. ಹಾಗಾಗಿ ವೈನಿ ಅವಳನ್ನು ನೇರವಾಗಿ ನನ್ನ ಹತ್ತಿರ ಕಳಿಸಿದರು.

ನಿನ್ನೆ ಇಲ್ಲಿನ ‘ಬುಧವಾರ ಪೇಠೆ’ ಎಂಬ ಮಾರುಕಟ್ಟೆಗೆ ಹೋಗಿ ನೂರು ವ್ಯಾಟಿನ ಹಳೇ ಕಾಲದ ತಂತಿ ಬಲ್ಬು, ಹೋಲ್ಡರ್, ವೈರಿನ ತುದಿಗೆ ಸೆನ್ಸರ್ ಇರುವ ಐದು ಡಿಜಿಟಲ್ ಥರ್ಮಾಮೀಟರ್ ತಂದೆವು. ಎಲ್‌ಇಡಿ ಬಲ್ಬು ಇದಕ್ಕೆ ನಡೆಯುವುದಿಲ್ಲ, ಅದು ಬೆಳಕು ಕೊಟ್ಟಷ್ಟು ಶಾಖ ಎದುರಿಗೆ ಚೆಲ್ಲುವುದಿಲ್ಲ. ಜ್ವರ ನೋಡುವ ಥರ್ಮಾಮೀಟರೂ ಬೇಡ, ಅದರ ಅಳತೆ ಶುರುವಾಗುವುದೇ ಮೈಯ ಬಿಸಿಯ ಆಸುಪಾಸಿನಲ್ಲಿ.

ಇವತ್ತು ಬೆಳಿಗ್ಗೆ ಮೊದಲು ಐದೂ ಸೆನ್ಸರುಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಒಂದು ತಂಬಿಗೆ ನೀರಿನಲ್ಲಿ ಇಳಿಬಿಟ್ಟೆವು. ಒಂದೇ ನೀರು, ಆದರೆ ಒಂದು 23.5 ತೋರಿಸಿದರೆ ಇನ್ನೊಂದು 25.0. "ಒಂದರ ಸುಳ್ಳ ಹೇಳಾಕತ್ತೈತಿ ಕಾಕಾ" ಅಂದಳು. ಐದೂ ಸ್ವಲ್ಪ ಸ್ವಲ್ಪ ಸುಳ್ಳು ಹೇಳುತ್ತವೆ. ಯಾವುದು ಎಷ್ಟು ಅಂತ ಗೊತ್ತಾದರೆ ಸಾಕು. ಬಿಸಿನೀರಿನಲ್ಲೂ ಒಮ್ಮೆ ನೋಡಿ, ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂದು ಪ್ರತಿಯೊಂದರ ಬೆನ್ನಿಗೂ ಚೀಟಿ ಅಂಟಿಸಿದೆವು.

ಟಿವಿ ಬಂದಾಗಿನ ಪ್ಯಾಕಿಂಗ್ ಥರ್ಮಾಕೋಲ್ ಅಟ್ಟದ ಮೇಲಿತ್ತು. ಅದನ್ನು ಕೊಯ್ದು 15 ಸೆಂ.ಮೀ. ಅಳತೆಯ ನಾಲ್ಕು ಚೌಕ ಡಬ್ಬಿ ಮಾಡಿದೆವು. ಐದು ಮುಖ ಮುಚ್ಚಿದೆ, ದೀಪದ ಕಡೆಯ ಒಂದು ಮುಖ ಮಾತ್ರ ತೆರೆದಿದೆ. ಪರೀಕ್ಷಿಸಬೇಕಾದ ವಸ್ತುವನ್ನು ಆ ಮುಖಕ್ಕೆ ಬಾಗಿಲಿನ ಹಾಗೆ ಕೂರಿಸುವುದು. ಉಳಿದ ಗೋಡೆಗಳು ಬರೀ ರಟ್ಟಿನವಾದರೆ ಒಳಗೆ ಬಂದ ಶಾಖ ಅತ್ತಿಂದತ್ತ ಸೋರಿಹೋಗಿ, ಯಾವ ಬಾಗಿಲಿಟ್ಟರೂ ಡಿಗ್ರಿ ಹೆಚ್ಚುಕಡಿಮೆ ಒಂದೇ ಬರುತ್ತದೆ. ನಡುವೆ ಬಲ್ಬು, ಸುತ್ತ ನಾಲ್ಕು ಡಬ್ಬಿ, ಪ್ರತಿಯೊಂದೂ ಬಲ್ಬಿನಿಂದ 15 ಸೆಂ.ಮೀ. ದೂರ. ಇನ್ನೂ ಹತ್ತಿರ ತಂದರೆ ಥರ್ಮಾಕೋಲ್ ಮೆತ್ತಗಾಗುವ ಭಯ. ಐದನೇ ಥರ್ಮಾಮೀಟರನ್ನು ದೀಪದ ಬೆಳಕು ಬೀಳದ ಮೂಲೆಯಲ್ಲಿಟ್ಟೆವು. ಡಿಸೆಂಬರಿನಲ್ಲಿ ಇಲ್ಲಿ ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು. ಕೋಣೆಯೇ ಬಿಸಿಯಾಗುತ್ತ ಹೋಗುವಾಗ ಡಬ್ಬಿಯ ಡಿಗ್ರಿಯೊಂದನ್ನೇ ಬರೆದರೆ ಮೋಸವಾಗುತ್ತದೆ, ಕೋಣೆಗಿಂತ ಎಷ್ಟು ಏರಿತು ಎಂಬುದನ್ನೇ ಬರೆಯಬೇಕು.

ವಸ್ತು ಹಾಕುವ ಮೊದಲು ನಾಲ್ಕೂ ಡಬ್ಬಿಗೆ ಒಂದೇ ಥರದ ರಟ್ಟಿನ ಬಾಗಿಲು ಹಾಕಿ ದೀಪ ಹಚ್ಚಿಸಿದೆ. ಇದು ಸುಮ್ಮನೆ ಹೊತ್ತು ಕಳೆಯುವುದು ಅಂತ ಅವಳಿಗೆ ಅನ್ನಿಸಿತು, ಆದರೆ ಇದೊಂದನ್ನು ನಾನು ಬಿಡುವವನಲ್ಲ. ನಲವತ್ತು ನಿಮಿಷ ಬಿಟ್ಟು ನೋಡಿದರೆ ಮೂರು ಡಬ್ಬಿ ಸರಿಸಮ, ಒಂದು ಮಾತ್ರ ಒಂದು ಡಿಗ್ರಿ ಹೆಚ್ಚು. ಟೇಪು ಹಿಡಿದರೆ ಆ ಡಬ್ಬಿ ಒಂದು ಸೆಂ.ಮೀ. ಮುಂದೆ ಸರಿದಿತ್ತು! ಬೆಳಕು ದೂರದ ವರ್ಗದ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. 15ರ ಬದಲು 14 ಆದರೆ ಬೀಳುವ ಶಾಖ ಸುಮಾರು ನೂರಕ್ಕೆ ಹದಿನೈದರಷ್ಟು ಹೆಚ್ಚು. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಡಬ್ಬಿಗಳನ್ನು ಅಲ್ಲೇ ಕೂರಿಸಿದೆವು.

ಆಮೇಲೆ ನಿಜವಾದ ಪರೀಕ್ಷೆ. ಒಂದಕ್ಕೆ ಬರೀ ರಟ್ಟು, ಒಂದಕ್ಕೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಅಂಟಿಸಿದ ರಟ್ಟು, ಒಂದಕ್ಕೆ 2 ಸೆಂ.ಮೀ. ಥರ್ಮಾಕೋಲ್, ಕೊನೆಯದಕ್ಕೆ ಅವ್ವ ಹೊಲಿದ ಹಳೇ ಕೌದಿಯ ತುಂಡು. ಕೌದಿಯನ್ನು ಮಡಚಿ ಅದನ್ನೂ 2 ಸೆಂ.ಮೀ. ಮಾಡಿದೆವು. ವೈಷ್ಣವಿ ಮೊದಲು ಅದನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಕಟ್ಟಿದ್ದಳು, ಅಂಚಿನಲ್ಲಿ ಸ್ಕೇಲ್ ಹಿಡಿದರೆ ಒಂದು ಸೆಂ.ಮೀ.ಗಿಂತ ತುಸುವೇ ಹೆಚ್ಚು ಉಳಿದಿತ್ತು. ಕೌದಿಯಲ್ಲಿ ಶಾಖ ತಡೆಯುವುದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಅಲ್ಲಾಡದೆ ನಿಂತ ಗಾಳಿ. ಬಿಗಿದರೆ ಆ ಗಾಳಿಯೇ ಹೊರಗೆ ಹೋಗುತ್ತದೆ. ಬಿಚ್ಚಿ ನಾಲ್ಕು ಮೂಲೆಗೆ ಮಾತ್ರ ಗುಂಡುಪಿನ್ನು ಚುಚ್ಚಿದೆವು.

ಮೂಲೆಯ ಥರ್ಮಾಮೀಟರಿಗಿಂತ ರಟ್ಟು 8.1 ಡಿಗ್ರಿ ಏರಿತ್ತು, ಕೌದಿ 4.8, ಥರ್ಮಾಕೋಲ್ 3.2, ಫಾಯಿಲ್ ಬರೀ 2.7.

"ಫಾಯಿಲ್ ಫಸ್ಟ್ ಬಂತ್ರೀ ಕಾಕಾ!" ಅಂತ ಚಾರ್ಟಿನ ಮೇಲೆ ಬರೆಯಲು ಪೆನ್ನೇ ತೆಗೆದಳು. ನಾನು ತಡೆದೆ. ಸಾರಿನ ಪಾತ್ರೆಯನ್ನು ಫಾಯಿಲಿನಿಂದ ಹಿಡಿದು ಇಳಿಸುತ್ತೀಯಾ ಅಂತ ಕೇಳಿದೆ. ಕೈ ಸುಡುತ್ತದೆ ಅಂದಳು. ಹಾಗಿದ್ದರೆ ಇಲ್ಲಿ ಅದು ಗೆದ್ದದ್ದು ಹೇಗೆ?

ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆನ್ಸರಿನ ತೂತಿಗೆ ಕಣ್ಣು ಹಚ್ಚಿ ಒಂದೊಂದೇ ಡಬ್ಬಿಯ ಒಳಗೆ ನೋಡತೊಡಗಿದಳು. ಥರ್ಮಾಕೋಲಿನ ಬಾಗಿಲು ಒಳಗಿನಿಂದ ಮಂದ ಹಳದಿಯಾಗಿ ಹೊಳೆಯುತ್ತಿತ್ತು, ಗುಂಡು ಗುಂಡು ಕಾಳುಗಳ ಅಂಚು ಸಹ ಕಾಣುತ್ತಿತ್ತು. ಅಂದರೆ ಬೆಳಕು ಅದನ್ನು ಹಾದು ಒಳಗೆ ಬರುತ್ತಿದೆ. ಫಾಯಿಲಿನ ಡಬ್ಬಿ ಕಗ್ಗತ್ತಲು. "ಫಾಯಿಲ್ ಬೆಳಕನ್ನ ವಾಪಸ್ ಒಗೀತೈತಿ, ಒಳಗ ಬಿಡಂಗಿಲ್ಲ" ಅಂದಳು. ನನಗೆ ಬೇಕಾಗಿದ್ದು ಅದೇ ಮಾತು. ದೀಪದ ಶಾಖ ಬಹುಪಾಲು ಬೆಳಕಿನ ಹಾಗೆ ಹಾರಿ ಬರುತ್ತದೆ. ಫಾಯಿಲ್ ಅದನ್ನು ಹೊರಗೇ ತಿರುಗಿಸಿತು. ಕೌದಿ ಕಡುಗೆಂಪು, ಬಿದ್ದದ್ದರಲ್ಲಿ ಬಹಳಷ್ಟನ್ನು ಕುಡಿಯಿತು. ನಾವು ಅಳೆದದ್ದರಲ್ಲಿ ಶಾಖವನ್ನು ದಾಟಲು ಬಿಡದ ಗುಣಕ್ಕಿಂತ ಮೇಲ್ಮೈಯ ಬಣ್ಣ, ಹೊಳಪಿನ ಪಾಲೇ ದೊಡ್ಡದು.

ಹಾಗಾದರೆ ಮೇಲ್ಮೈಯನ್ನು ಒಂದೇ ಮಾಡಬೇಕು. ನಾಲ್ಕೂ ಬಾಗಿಲಿಗೆ ಹೊರಗಿನಿಂದ ಒಂದೇ ಕಪ್ಪು ಕಾರ್ಡ್ ಶೀಟ್ ಅಂಟಿಸಿದೆವು. ಈಗ ಎಲ್ಲವೂ ಒಂದೇ ಸಮ ಶಾಖ ಕುಡಿಯುತ್ತವೆ, ಕುಡಿದದ್ದರಲ್ಲಿ ಒಳಗೆ ಎಷ್ಟು ದಾಟಿಸುತ್ತವೆ ಎಂಬುದಷ್ಟೇ ವ್ಯತ್ಯಾಸ. ಡಬ್ಬಿಗಳು ಪೂರ್ತಿ ಆರುವವರೆಗೆ ಕಾದು, ಊಟ ಮುಗಿಸಿ ಮತ್ತೆ ದೀಪ ಹಚ್ಚಿದೆವು. ಹತ್ತು ನಿಮಿಷದ ಅಂತರದಲ್ಲಿ ಮೂರು ಸಲ ಒಂದೇ ಅಂಕಿ ಬಂದ ಮೇಲೆ ಬರೆದುಕೊಂಡೆವು. ರಟ್ಟು 11.9, ಫಾಯಿಲ್ 11.6, ಕೌದಿ 5.7, ಥರ್ಮಾಕೋಲ್ 4.8.

ಫಾಯಿಲ್ ಹೋಗಿ ರಟ್ಟಿನ ಪಕ್ಕದಲ್ಲಿ ಕೂತಿತ್ತು. ಆ 0.3 ಡಿಗ್ರಿ ನಮ್ಮ ಥರ್ಮಾಮೀಟರುಗಳ ತಪ್ಪಿನ ಒಳಗಿನದು, ಅದನ್ನು ವ್ಯತ್ಯಾಸ ಎನ್ನಲಾಗದು. ಕೌದಿ ಮತ್ತು ಥರ್ಮಾಕೋಲಿನ ನಡುವಿನ 0.9ರ ಮೇಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಎರಡರ ಬಾಗಿಲು ಅದಲುಬದಲು ಮಾಡಿ ಮತ್ತೆ ನೋಡಿದಾಗ ಥರ್ಮಾಕೋಲ್ 5.0, ಕೌದಿ 5.5. ಕ್ರಮ ಬದಲಾಗಲಿಲ್ಲ, ಅಂತರ ಮಾತ್ರ ಕಿರಿದಾಯಿತು. ಥರ್ಮಾಕೋಲ್ ತುಸು ಮೇಲು, ಕೌದಿ ಅದರ ಬೆನ್ನಿಗೇ ಇದೆ ಎಂದಷ್ಟೇ ಬರೆಯಬೇಕು ಅಂದೆ. ಅವ್ವನಿಗೆ ಫೋನ್ ಹಚ್ಚಿ ಹೇಳಿದಾಗ ಬಹಳ ಖುಷಿಪಟ್ಟಳು.

ಮೊದಲ ಪರೀಕ್ಷೆಯ ಅಂಕಿಗಳನ್ನು ಹರಿದು ಹಾಕೋಣವೇ ಎಂದು ವೈಷ್ಣವಿ ಕೇಳಿದಳು. ಬೇಡ ಅಂದೆ. ಎರಡೂ ಸರಿಯಾದ ಅಂಕಿಗಳೇ, ಕೇಳಿದ ಪ್ರಶ್ನೆ ಬೇರೆ ಬೇರೆ. ಚಾರ್ಟಿನಲ್ಲಿ ಎಡಕ್ಕೆ ಬಣ್ಣ ಇದ್ದ ಹಾಗೆ, ಬಲಕ್ಕೆ ಕಪ್ಪು ಹಚ್ಚಿದ ಮೇಲೆ ಎಂದು ಎರಡು ಸಾಲು ಕಂಬಗಳನ್ನು ಬರೆಯುತ್ತಿದ್ದಾಳೆ. ಫಾಯಿಲಿನ ಕಂಬ ಎಡದಲ್ಲಿ ಎಲ್ಲಕ್ಕಿಂತ ಗಿಡ್ಡ, ಬಲದಲ್ಲಿ ರಟ್ಟಿನಷ್ಟೇ ಉದ್ದ. ನೋಡುವವರು ಅಲ್ಲೇ ನಿಂತು ಕೇಳಬೇಕು ಎಂದು ಆ ಎರಡಕ್ಕೆ ಮಾತ್ರ ಬೆಳ್ಳಿ ಬಣ್ಣ ಹಚ್ಚುತ್ತಾಳಂತೆ.

ರಾತ್ರಿ ಹೊರಡುವಾಗ ಇನ್ನೊಂದು ಕೇಳಿದಳು. ಊರಲ್ಲಿ ಅಜ್ಜಿಯ ಮನೆಯ ತಗಡಿನ ಮಾಡಿಗೆ ಒಳಗಿಂದ ಥರ್ಮಾಕೋಲ್ ಹಚ್ಚುವುದೋ, ಮೇಲೆ ಬಿಳಿ ಬಣ್ಣ ಬಳಿಯುವುದೋ? ಬಿಸಿಲಿಗೆ ಮೊದಲು ಬಿಳಿ ಬಣ್ಣ, ಚಳಿಗಾಲದ ರಾತ್ರಿಗೆ ಥರ್ಮಾಕೋಲ್ ಅಂದೆ. ನಾಳೆ ಸಂಜೆ ಐದಕ್ಕೆ ಬರುತ್ತಾಳೆ, ದೀಪ ಆರಿಸಿ ಡಬ್ಬಿಯೊಳಗೆ ಬಿಸಿನೀರಿನ ಬಾಟಲಿ ಇಟ್ಟು ನೋಡುವುದಿದೆ.