ಅಂಕಿ ಇದ್ದ ಮಾತ್ರಕ್ಕೆ ತರ್ಕವಾಗುವುದಿಲ್ಲ

ಮಾತಿನಿಂದ ಒಪ್ಪಿಸುವ ಕಲೆಯಾದ ರೆಟರಿಕ್‌ನ ಪಾಠದಲ್ಲಿ ಈಥೋಸ್, ಪೇಥೋಸ್, ಲೋಗೋಸ್ ಅಂದರೆ ವ್ಯಕ್ತಿತ್ವ, ಭಾವನೆ, ತರ್ಕ ಎಂದು ಹೇಳಿಕೊಟ್ಟರೆ ಸಾಕು, ವಿದ್ಯಾರ್ಥಿಗಳು ಬಣ್ಣದ ಪೆನ್ನು ತೆಗೆಯುತ್ತಾರೆ. ಅಂಕಿ ಇದ್ದಲ್ಲಿ ನೀಲಿ, ಕರುಣೆ ಹುಟ್ಟಿಸುವಲ್ಲಿ ಕೆಂಪು, ತಜ್ಞರ ಹೆಸರಿದ್ದಲ್ಲಿ ಹಸಿರು. ಪುಟವೇನೋ ಚಂದ ಕಾಣುತ್ತದೆ, ವಿಶ್ಲೇಷಣೆ ಮಾತ್ರ ಶುರುವೇ ಆಗಿರುವುದಿಲ್ಲ. ಅದಕ್ಕೇ ನಾನು ಒಂದು ವಾಕ್ಯವನ್ನು ಹೊಡೆದುಹಾಕಿಸಿ, ಈಗ ಓದುಗರು ಯಾವುದನ್ನು ಒಪ್ಪಲು ಹಿಂಜರಿಯುತ್ತಾರೆ ಎಂದು ಕೇಳುತ್ತೇನೆ.

ನಾನು ಹೆಚ್ಚಾಗಿ ಬಳಸುವ ಸಂಪಾದಕೀಯದ ಬೇಡಿಕೆ ಇಷ್ಟೆ: ಶಾಲೆಗಳ ಬಳಿ ವೇಗದ ಮಿತಿಯನ್ನು ಗಂಟೆಗೆ 50 ಕಿ.ಮೀ.ಯಿಂದ 30ಕ್ಕೆ ಇಳಿಸುವ ಫಲಕ ಹಾಕಬೇಕು. ಅದು ರಸ್ತೆ ದಾಟಲು ಕಾದು ನಿಂತ ಮಗುವಿನ ಚಿತ್ರದಿಂದ ಶುರುವಾಗುತ್ತದೆ. ‘ಇಲ್ಲಿ ಪೇಥೋಸ್ ಇದೆ’ ಎಂದು ಬರೆದರೆ ಅಂಕ ಕೊಡುವುದಿಲ್ಲ. ಯಾವ ಭಾವನೆ, ಯಾರ ಬಗ್ಗೆ, ಯಾಕೆ ಎಂಬ ಮೂರೂ ಬೇಕು. ಭಾವನೆಗಳನ್ನು ಬಿಡಿಸಿಡುವಾಗ ಅರಿಸ್ಟಾಟಲ್ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ. ಇಲ್ಲಿ ಹುಟ್ಟುವುದು ದುಃಖಕ್ಕಿಂತ ಹೆಚ್ಚಾಗಿ ಭಯ. ಆ ಭಯ ಚಾಲಕರು ಕಳೆದುಕೊಳ್ಳುವ ಒಂದೆರಡು ನಿಮಿಷವನ್ನು ಚಿಕ್ಕದಾಗಿ ಕಾಣಿಸುತ್ತದೆ.

ವಿದ್ಯಾರ್ಥಿಗಳಿಗೆ ಕಷ್ಟವಾಗುವುದು ಈಥೋಸ್. ಸಂಪಾದಕೀಯಕ್ಕೆ ಸಾಮಾನ್ಯವಾಗಿ ಬರೆದವರ ಹೆಸರಿರುವುದಿಲ್ಲ, ಮಾತಾಡುವುದು ಪತ್ರಿಕೆ. ಆದರೆ ಅರಿಸ್ಟಾಟಲ್ ಪ್ರಕಾರ ನಂಬಿಕೆ ಹುಟ್ಟಬೇಕಾದದ್ದು ಮೊದಲೇ ಇದ್ದ ಹೆಸರಿನಿಂದಲ್ಲ, ಆಡುವ ಮಾತಿನಿಂದಲೇ. ವಿವೇಕ, ಸದ್ಗುಣ, ಕೇಳುಗರ ಬಗೆಗಿನ ಹಿತಚಿಂತನೆ ಅಲ್ಲಿ ಕಾಣಬೇಕು. ‘ಬಸ್ಸುಗಳು ತಡವಾಗುವುದು ನಿಜ, ವೇಳಾಪಟ್ಟಿ ಬದಲಿಸಬೇಕಾದೀತು’ ಎಂಬ ವಾಕ್ಯವನ್ನು ಹೊಡೆದುಹಾಕಿ ನೋಡಿ. ವಾದ ಹಾಗೆಯೇ ನಿಲ್ಲುತ್ತದೆ, ಆದರೆ ಬರೆದವರು ಬಸ್ ಹತ್ತುವವರ ಕಷ್ಟ ಅರಿಯದವರಂತೆ ಕಾಣುತ್ತಾರೆ. ಎದುರು ಪಕ್ಷಕ್ಕೆ ಬಿಟ್ಟುಕೊಟ್ಟ ಈ ಮಾತಿಗೆ ಹಸಿರು ಹಚ್ಚಿದವರನ್ನು ನಾನು ಕಂಡದ್ದು ಅಪರೂಪ.

ಇನ್ನು ಅಂಕಿ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ, ಆದ್ದರಿಂದ 50ರಿಂದ 30ಕ್ಕೆ ಇಳಿದ ವಾಹನದಲ್ಲಿ ಮೊದಲಿನ ಶೇ 36ರಷ್ಟು ಶಕ್ತಿ ಮಾತ್ರ ಉಳಿಯುತ್ತದೆ ಎನ್ನುತ್ತದೆ ಸಂಪಾದಕೀಯ. ಲೆಕ್ಕ ಸರಿಯಾಗಿದೆ. ಅಲ್ಲಿಂದ ನೇರವಾಗಿ ‘ಆದ್ದರಿಂದ ಫಲಕ ಹಾಕಿ’ ಎಂಬಲ್ಲಿಗೆ ಹಾರುತ್ತದೆ. ನಡುವೆ ಹೇಳದೆ ಬಿಟ್ಟ ಹೆಜ್ಜೆಯನ್ನು ಬರೆಯಿರಿ ಎನ್ನುತ್ತೇನೆ. ಹೀಗೆ ಒಂದು ಆಧಾರವನ್ನು ಓದುಗರೇ ತುಂಬಿಕೊಳ್ಳಲು ಬಿಡುವ ವಾದವನ್ನು ಎಂಥಿಮೀಮ್ ಎನ್ನುತ್ತಾರೆ. ಇಲ್ಲಿ ಬಿಟ್ಟದ್ದು: ಫಲಕ ನೋಡಿ ಚಾಲಕರು ನಿಧಾನಿಸುತ್ತಾರೆ. ಶೇ 36 ಇದಕ್ಕೆ ಏನೂ ಸಾಕ್ಷಿ ಹೇಳುವುದಿಲ್ಲ.

ಹಾಗಾದರೆ ಈ ಬಿರುಕು ಮೊದಲ ಓದಿಗೆ ಯಾಕೆ ಕಾಣಲಿಲ್ಲ? ಈಚೆಗೆ ಒಬ್ಬ ವಿದ್ಯಾರ್ಥಿನಿ ಬರೆದದ್ದು ನನಗೆ ಒಪ್ಪಿಗೆಯಾಯಿತು: ಭಯಪಟ್ಟವರಿಗೆ ಏನಾದರೊಂದು ಕ್ರಮ ಬೇಕು, ಬಸ್ಸಿನ ಮಾತು ಬರೆದವರನ್ನು ನ್ಯಾಯವಂತರನ್ನಾಗಿ ತೋರಿಸಿದೆ, ಹಾಗಾಗಿ ಲೆಕ್ಕ ಮುಗಿದ ಮೇಲೆ ಫಲಕವನ್ನು ಯಾರೂ ಪ್ರಶ್ನಿಸುವುದಿಲ್ಲ.