ಶೇಕಡ 18 ಬಿಟ್ಟು ಶೇಕಡ 16 ಹಿಡಿದ ಲೆಕ್ಕ

ಮಂಡ್ಯದ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಬ್ಯಾಂಕ್ ಸಾಲಕ್ಕೆ ಬೇಕಾದ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ರೈಸ್ ಮಿಲ್ಲಿನವರು ಅಥವಾ ಆಲೆಮನೆಯವರು. ಇವರ ಯೋಜನೆಗಳಲ್ಲಿ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಲೇಬೇಕಾದ ಸಂದರ್ಭ ಮತ್ತೆ ಮತ್ತೆ ಬರುತ್ತದೆ, ಏಕೆಂದರೆ ಇರುವುದು ಒಂದೇ ಶೆಡ್ಡು ಮತ್ತು ಮಂಜೂರಾದ ವಿದ್ಯುತ್ ಲೋಡ್‌ನಲ್ಲಿ ಉಳಿದಿರುವುದು ಒಂದು ಯಂತ್ರಕ್ಕೆ ಸಾಲುವಷ್ಟು ಮಾತ್ರ. ಅಂಥ ಒಂದು ಪ್ರಕರಣದಲ್ಲಿ ಎನ್‌ಪಿವಿ ಒಂದು ಕಡೆ, ಐಆರ್‌ಆರ್ ಇನ್ನೊಂದು ಕಡೆ ಬೊಟ್ಟು ಮಾಡಿದಾಗ ನಾವು ಹೇಗೆ ತೀರ್ಮಾನಕ್ಕೆ ಬಂದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಎನ್‌ಪಿವಿ ಎಂದರೆ ಮುಂದೆ ಬರುವ ಹಣವನ್ನೆಲ್ಲ ಇಂದಿನ ಬೆಲೆಗೆ ಇಳಿಸಿ, ಹೂಡಿಕೆಯನ್ನು ಕಳೆದ ಮೇಲೆ ಉಳಿಯುವ ಮೊತ್ತ. ಐಆರ್‌ಆರ್ ಎಂದರೆ ಆ ಉಳಿಕೆ ಸೊನ್ನೆಯಾಗುವ ವಾರ್ಷಿಕ ದರ. ಗುರುತು ಸಿಗದಿರಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಲೆಕ್ಕದ ಸ್ವರೂಪ ಬದಲಾಗಿಲ್ಲ.

ಮಿಲ್ಲು ಮದ್ದೂರು ಕಡೆಯದು, ಲೀಸಿನ ಮೇಲೆ ನಡೆಯುತ್ತಿತ್ತು. ಲೀಸಿನ ಅವಧಿಯಲ್ಲಿ ಇನ್ನು 3 ವರ್ಷ ಬಾಕಿ ಇತ್ತು, ಹೂಡಲು 1 ಕೋಟಿ ರೂಪಾಯಿ ಇತ್ತು. ಮೊದಲ ಆಯ್ಕೆ, ಅಕ್ಕಿಯಲ್ಲಿನ ಕಪ್ಪು ಕಾಳು, ಕಲ್ಲುಗಳನ್ನು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರವನ್ನು ಹಾಕಿ, ತಮ್ಮ ಅಕ್ಕಿಯ ಜೊತೆಗೆ ಸುತ್ತಲಿನ ಸಣ್ಣ ಮಿಲ್ಲುಗಳ ಅಕ್ಕಿಯನ್ನೂ ಕೂಲಿಗೆ ಸ್ವಚ್ಛ ಮಾಡಿಕೊಡುವುದು. ಇದರಲ್ಲಿ ಹಣ ಬೇಗ ಬರುತ್ತದೆ, ಆದರೆ ಅಕ್ಕಪಕ್ಕದವರೂ ಅದೇ ಯಂತ್ರ ತಂದುಕೊಂಡಂತೆ ಕೂಲಿ ಕೆಲಸ ಕಡಿಮೆಯಾಗುತ್ತದೆ. ಎರಡನೆಯ ಆಯ್ಕೆ, ಬಾಯ್ಲರ್ ಮತ್ತು ಡ್ರೈಯರ್ ಕೂರಿಸಿ ಕುಸುಬಲಕ್ಕಿ ಮಾಡುವುದು. ಇದರ ಮೊದಲ ವರ್ಷವೆಲ್ಲ ಕೂರಿಸುವುದಕ್ಕೂ ಭತ್ತದ ದಾಸ್ತಾನಿಗೂ ಹೋಗುತ್ತದೆ. ಕೊನೆಯ ವರ್ಷ ಆ ದಾಸ್ತಾನು ಕರಗಿ ಹಣವಾಗುತ್ತದೆ, ಜೊತೆಗೆ ಬಾಯ್ಲರನ್ನು ನಿಗದಿತ ಬೆಲೆಗೆ ಕೊಂಡುಕೊಳ್ಳುವುದಾಗಿ ಜಾಗದ ಮಾಲೀಕರು ಕರಾರಿನಲ್ಲೇ ಒಪ್ಪಿದ್ದರು.

ತೆರಿಗೆ ಕಳೆದ ಮೇಲೆ ಸಾರ್ಟೆಕ್ಸ್‌ನಿಂದ ಮೂರು ವರ್ಷಗಳಲ್ಲಿ ಕ್ರಮವಾಗಿ 70, 40 ಮತ್ತು 20 ಲಕ್ಷ ಬರುತ್ತಿತ್ತು. ಬಾಯ್ಲರ್‌ನಿಂದ 15, 40 ಮತ್ತು 90 ಲಕ್ಷ. ಎರಡರ ಅಪಾಯವೂ ಹೆಚ್ಚುಕಡಿಮೆ ಒಂದೇ ಎಂದು ಪರಿಶೀಲಿಸಿದ ಮೇಲೆ ಎರಡಕ್ಕೂ ಬಂಡವಾಳದ ವೆಚ್ಚವನ್ನು, ಅಂದರೆ ಹೂಡುವ ಹಣಕ್ಕೆ ತಗಲುವ ದರವನ್ನು, ಶೇಕಡ 10 ಎಂದೇ ಇಟ್ಟುಕೊಂಡೆವು. ಸಾರ್ಟೆಕ್ಸ್‌ನ ಐಆರ್‌ಆರ್ ಶೇಕಡ 18.2 ಬಂತು, ಬಾಯ್ಲರ್‌ನದು ಶೇಕಡ 16.1ರ ಆಸುಪಾಸು. ಎನ್‌ಪಿವಿ ಮಾತ್ರ ಸಾರ್ಟೆಕ್ಸ್‌ಗೆ 11.72 ಲಕ್ಷ, ಬಾಯ್ಲರ್‌ಗೆ 14.31 ಲಕ್ಷ.

"ಹದಿನೆಂಟು ಬರೋದ ಬುಟ್ಟು ಹದಿನಾರಕ್ಕೆ ಯಾಕ್ ಹೋಗ್ಬೇಕು ಸಾರ್?" ಎಂದು ಮಿಲ್ಲಿನ ಯಜಮಾನರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. "ಎನ್‌ಪಿವಿ ಹೇಳಿದ್ದೇ ಸರಿ" ಎಂದು ಪುಸ್ತಕದ ಉತ್ತರ ಕೊಟ್ಟು ಕಳುಹಿಸಿದರೆ ಅವರು ಒಪ್ಪುವವರಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹಾಗಾಗಿ ಮೊದಲು ಆ ಶೇಕಡ 18.2 ಯಾವ ಹಣದ ಮೇಲೆ ಎಂಬುದನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದೆ. ಸಾರ್ಟೆಕ್ಸ್‌ನಲ್ಲಿ ಮೊದಲ ವರ್ಷ ದುಡಿಯುವುದು 100 ಲಕ್ಷ. ಅದಕ್ಕೆ ಶೇಕಡ 18.2ರಂತೆ ಸೇರಿಸಿ, ವರ್ಷದ ಕೊನೆಗೆ ಕೈಗೆ ಬಂದ 70 ಲಕ್ಷವನ್ನು ಕಳೆದರೆ ಯೋಜನೆಯೊಳಗೆ ಉಳಿಯುವುದು ಸುಮಾರು 48 ಲಕ್ಷ. ಎರಡನೆಯ ವರ್ಷ ಅಷ್ಟರ ಮೇಲೆ ಮಾತ್ರ ಆ ದರ ಸಿಗುತ್ತದೆ. ಮೂರನೆಯ ವರ್ಷಕ್ಕೆ ಒಳಗಿರುವುದು 17 ಲಕ್ಷ ಮಾತ್ರ. ಬಾಯ್ಲರ್‌ನಲ್ಲಿ ಇದೇ ರೀತಿ ನೋಡಿದರೆ ಮೊದಲ ವರ್ಷ 100, ಎರಡನೆಯ ವರ್ಷ 101, ಮೂರನೆಯ ವರ್ಷ 77 ಲಕ್ಷಕ್ಕೂ ಮಿಕ್ಕಿ ಹಣ ಶೇಕಡ 16ರ ಮೇಲೆ ದುಡಿಯುತ್ತಿರುತ್ತದೆ. ಒಂದು ಹೆಚ್ಚು ದರದಲ್ಲಿ ಸ್ವಲ್ಪ ಹಣವನ್ನು ಸ್ವಲ್ಪ ಕಾಲ ದುಡಿಸುತ್ತದೆ, ಇನ್ನೊಂದು ತುಸು ಕಡಿಮೆ ದರದಲ್ಲಿ ಹೆಚ್ಚು ಹಣವನ್ನು ಕೊನೆಯವರೆಗೂ ದುಡಿಸುತ್ತದೆ. ಐಆರ್‌ಆರ್ ದರವನ್ನಷ್ಟೇ ಹೇಳುವುದರಿಂದ ಈ ವ್ಯತ್ಯಾಸ ಅದರಲ್ಲಿ ಕಾಣಿಸುವುದಿಲ್ಲ.

ಮರುಹೂಡಿಕೆಯ ದರದ ಮಾತು ಬರುವುದು ಇಲ್ಲಿಯೇ, ಮತ್ತು ಇದನ್ನು ನಮ್ಮ ವೃತ್ತಿಯವರೂ ಹಲವೊಮ್ಮೆ ಸಡಿಲವಾಗಿ ಹೇಳುತ್ತಾರೆ. "ಐಆರ್‌ಆರ್ ಎಂದರೆ ಬಂದ ಹಣವನ್ನೆಲ್ಲ ಅದೇ ದರದಲ್ಲಿ ಮತ್ತೆ ಹೂಡುತ್ತೇವೆಂದು ಭಾವಿಸುವುದು" ಎಂದು ಬರೆಯುವುದು ರೂಢಿ. ಐಆರ್‌ಆರ್ ಕಂಡುಹಿಡಿಯುವುದಕ್ಕೆ ಅಂಥ ಭಾವನೆಯೇನೂ ಬೇಕಿಲ್ಲ. ಮೇಲಿನ ಲೆಕ್ಕದಲ್ಲಿ ಕೈಗೆ ಬಂದ 70 ಲಕ್ಷ ಎಲ್ಲಿಗೆ ಹೋಯಿತೆಂದು ನಾವು ಕೇಳಲೇ ಇಲ್ಲ, ಆದರೂ ಶೇಕಡ 18.2 ಬಂತು. ಆದರೆ ಎರಡು ಯೋಜನೆಗಳನ್ನು ಅಕ್ಕಪಕ್ಕ ಇಟ್ಟು, ಮೂರು ವರ್ಷದ ಕೊನೆಗೆ ಹೆಚ್ಚು ಶ್ರೀಮಂತರಾಗಿಸುವುದು ಯಾವುದು ಎಂದು ಐಆರ್‌ಆರ್ ನೋಡಿ ಹೇಳಲು ಹೊರಟಾಗ ಆ ಭಾವನೆ ನಮಗರಿವಿಲ್ಲದೆ ಒಳಗೆ ಬಂದು ಕೂರುತ್ತದೆ. ಮೊದಲ ವರ್ಷ ಬಂದ 70 ಲಕ್ಷ ಮತ್ತು ಎರಡನೆಯ ವರ್ಷದ 40 ಲಕ್ಷ ಎರಡೂ ಹೊರಗೆಲ್ಲೋ ಶೇಕಡ 18.2ರಂತೆಯೇ ಬೆಳೆದರೆ ಮಾತ್ರ ಸಾರ್ಟೆಕ್ಸ್‌ನ 1 ಕೋಟಿ ಮೂರು ವರ್ಷಕ್ಕೆ 165 ಲಕ್ಷವಾಗುತ್ತದೆ. ಎನ್‌ಪಿವಿಯ ಹೋಲಿಕೆಯಲ್ಲಿಯೂ ಒಂದು ದರ ಅಡಗಿದೆ, ಅದು ಬಂಡವಾಳದ ವೆಚ್ಚವಾದ ಶೇಕಡ 10. ಆ ದರದಲ್ಲಿ ಬೆಳೆಸಿದರೆ ಸಾರ್ಟೆಕ್ಸ್ 148.70 ಲಕ್ಷಕ್ಕೆ ನಿಲ್ಲುತ್ತದೆ, ಬಾಯ್ಲರ್ 152.15 ಲಕ್ಷಕ್ಕೆ ಹೋಗುತ್ತದೆ. ಈ 3.45 ಲಕ್ಷದ ಅಂತರವನ್ನು ಇಂದಿನ ಬೆಲೆಗೆ ಇಳಿಸಿದರೆ ಎರಡು ಎನ್‌ಪಿವಿಗಳ ನಡುವಿನ 2.59 ಲಕ್ಷವೇ ಸಿಗುತ್ತದೆ.

ಶೇಕಡ 10 ಎಂಬುದು ಏಕೆ ನಂಬಲರ್ಹ ಎಂದರೆ, ಆ ಮಿಲ್ಲಿಗೆ ಬ್ಯಾಂಕಿನಲ್ಲಿ, ಮಿತಿಯೊಳಗೆ ಬೇಕಾದಾಗ ಸಾಲ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಖಾತೆ ಇತ್ತು ಮತ್ತು ಅದರ ಬಡ್ಡಿಯೂ ಅಷ್ಟೇ ಇತ್ತು. ಬೇರೇನೂ ತೋಚದಿದ್ದರೂ 70 ಲಕ್ಷವನ್ನು ಆ ಖಾತೆಗೆ ಕಟ್ಟಿದರೆ ಶೇಕಡ 10ರಷ್ಟು ಬಡ್ಡಿ ಉಳಿಯುತ್ತದೆ. ಶೇಕಡ 18.2 ಹಾಗಲ್ಲ, ಅದನ್ನು ಕೊಡುವ ಇನ್ನೊಂದು ಸಾರ್ಟೆಕ್ಸ್ ಯಂತ್ರಕ್ಕೆ ಆ ಶೆಡ್ಡಿನಲ್ಲಿ ಜಾಗವೇ ಇರಲಿಲ್ಲ.

ಹಾಗಾದರೆ ಯಾವ ದರದಲ್ಲಿ ತೀರ್ಪು ತಿರುಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಬಾಯ್ಲರ್‌ನ ಹಣದ ಹರಿವಿನಿಂದ ಸಾರ್ಟೆಕ್ಸ್‌ನದನ್ನು ವರ್ಷ ವರ್ಷಕ್ಕೆ ಕಳೆದರೆ ಉಳಿಯುವುದು ಬಹಳ ಸರಳವಾದ ಒಂದು ವ್ಯವಹಾರ: ಇಂದು ವ್ಯತ್ಯಾಸವಿಲ್ಲ, ಮೊದಲ ವರ್ಷದ ಕೊನೆಗೆ 55 ಲಕ್ಷ ಕಡಿಮೆ, ಎರಡನೆಯ ವರ್ಷ ಮತ್ತೆ ವ್ಯತ್ಯಾಸವಿಲ್ಲ, ಮೂರನೆಯ ವರ್ಷದ ಕೊನೆಗೆ 70 ಲಕ್ಷ ಹೆಚ್ಚು. ಅಂದರೆ ಬಾಯ್ಲರ್ ಆರಿಸುವುದೆಂದರೆ 55 ಲಕ್ಷವನ್ನು ಎರಡು ವರ್ಷ ಬಿಟ್ಟುಕೊಟ್ಟು 70 ಲಕ್ಷ ಪಡೆಯುವುದು, ಅದರ ದರ ವರ್ಷಕ್ಕೆ ಶೇಕಡ 12.8. ಇದನ್ನೇ ವ್ಯತ್ಯಾಸದ ಐಆರ್‌ಆರ್ ಎನ್ನುತ್ತೇವೆ. ಬೇಗ ಬರುವ ಹಣಕ್ಕೆ ಹೊರಗೆ ಇದಕ್ಕಿಂತ ಹೆಚ್ಚು ಗಳಿಕೆ ಖಂಡಿತ ಇದ್ದರೆ ಸಾರ್ಟೆಕ್ಸ್, ಇಲ್ಲದಿದ್ದರೆ ಬಾಯ್ಲರ್. ಶೀಟಿನಲ್ಲಿ ಎರಡನೆಯ ಸಾಲು ಸಾರ್ಟೆಕ್ಸ್, ಮೂರನೆಯದು ಬಾಯ್ಲರ್, ನಾಲ್ಕನೆಯದು ವ್ಯತ್ಯಾಸ, B ಕಾಲಂನಲ್ಲಿ ಇಂದಿನ ಹೂಡಿಕೆ ಋಣ ಚಿಹ್ನೆಯೊಂದಿಗೆ, C ಯಿಂದ E ವರೆಗೆ ಮೂರು ವರ್ಷಗಳ ಹರಿವು ಎಂದಿಟ್ಟುಕೊಂಡರೆ ಎಕ್ಸೆಲ್‌ನಲ್ಲಿ ಬೇಕಾಗುವುದು ಇಷ್ಟೇ:

```
=IRR(B2:E2)
=NPV(10%,C2:E2)+B2
=MIRR(B2:E2,10%,10%)
=IRR(B4:E4)
```

ಎರಡನೆಯ ಸೂತ್ರದಲ್ಲಿ `B2` ಆವರಣದ ಹೊರಗಿರುವುದನ್ನು ಗಮನಿಸಬೇಕು. ಎಕ್ಸೆಲ್ ತನಗೆ ಕೊಟ್ಟ ಮೊದಲ ಅಂಕಿಯನ್ನೇ ಒಂದು ವರ್ಷದ ನಂತರದ್ದೆಂದು ತಿಳಿಯುವುದರಿಂದ, ಇಂದಿನ ಹೂಡಿಕೆಯನ್ನು ಒಳಗೆ ಸೇರಿಸಿದರೆ ಇಡೀ ಎನ್‌ಪಿವಿ ಒಂದು ವರ್ಷದಷ್ಟು ಕುಗ್ಗುತ್ತದೆ. ಮೂರನೆಯ ಸೂತ್ರವಾದ ಎಂಐಆರ್‌ಆರ್, ಮರುಹೂಡಿಕೆಯ ದರವನ್ನು ನಾವೇ ಬಾಯಿಬಿಟ್ಟು ಹೇಳುವಂತೆ ಮಾಡುತ್ತದೆ. ಶೇಕಡ 10 ಕೊಟ್ಟಾಗ ಸಾರ್ಟೆಕ್ಸ್‌ಗೆ ಶೇಕಡ 14.1, ಬಾಯ್ಲರ್‌ಗೆ ಶೇಕಡ 15.0 ಬಂದು ಜಗಳ ಮುಗಿಯುತ್ತದೆ. ಹೂಡಿಕೆಯ ಮೊತ್ತ ಎರಡರಲ್ಲೂ 1 ಕೋಟಿಯೇ ಆಗಿದ್ದರಿಂದ ಇದು ಸಾಧ್ಯವಾಯಿತು. ಒಂದು 20 ಲಕ್ಷದ ಯೋಜನೆಯನ್ನು 1 ಕೋಟಿಯದರೊಂದಿಗೆ ಹೋಲಿಸುವಾಗ ಎಂಐಆರ್‌ಆರ್ ಕೂಡ ದಾರಿ ತಪ್ಪಿಸಬಹುದು, ಏಕೆಂದರೆ ಉಳಿದ 80 ಲಕ್ಷ ಎಲ್ಲಿದೆ ಎಂದು ಅದೂ ಕೇಳುವುದಿಲ್ಲ.

ಶೇಕಡ 12.8ರ ಗೆರೆ ಕಂಡ ಮೇಲೆ ಯಜಮಾನರು ನಿಜವಾದ ಆಕ್ಷೇಪ ಎತ್ತಿದರು. ಸುಗ್ಗಿಯಲ್ಲಿ ಭತ್ತ ಅಗ್ಗವಾಗಿರುವಾಗ ಆ 70 ಲಕ್ಷಕ್ಕೂ ಭತ್ತ ಹಿಡಿದಿಟ್ಟು, ನಾಲ್ಕು ತಿಂಗಳು ಬಿಟ್ಟು ಮಾರಿದರೆ ತೂಕದ ಇಳಿತ, ಗೋಣಿಚೀಲ, ತೆರಿಗೆ ಎಲ್ಲ ಕಳೆದು ಶೇಕಡ 6 ಸಿಗುತ್ತದೆ, ವರ್ಷಕ್ಕೆ ಅದು ಶೇಕಡ 18 ಆಯಿತಲ್ಲ ಎಂದರು. ವರ್ಷಕ್ಕೆ ಮೂರು ಸಲ ಹಾಗೆ ಮಾಡಲು ಬಂದರೆ ಆಗುತ್ತಿತ್ತು. ಆದರೆ ಅವರು ಹೇಳುತ್ತಿದ್ದ ಬೆಲೆಯ ಅಂತರ ಒಂದು ಸುಗ್ಗಿಗೆ ಒಂದು ಸಲ ಸಿಗುವಂಥದ್ದು. ಉಳಿದ ಎಂಟು ತಿಂಗಳು ಆ ಹಣ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ಕೂತು ಶೇಕಡ 10ರ ಬಡ್ಡಿ ಉಳಿಸುತ್ತದೆ ಎಂದುಕೊಂಡರೂ ಇಡೀ ವರ್ಷಕ್ಕೆ ಶೇಕಡ 13ರ ಹತ್ತಿರ ಬರುತ್ತದೆ. ಶೇಕಡ 12.8ಕ್ಕಿಂತ ಕೂದಲೆಳೆಯಷ್ಟು ಮೇಲೆ, ಅಷ್ಟೇ. ಒಂದು ಸುಗ್ಗಿಯಲ್ಲಿ ಬೆಲೆ ಏರದಿದ್ದರೆ ಅದೂ ಇಲ್ಲ.

ಅದಕ್ಕಿಂತ ಮುಖ್ಯವಾದ ವಿಷಯ ಖಾತೆಯ ಸ್ಟೇಟ್‌ಮೆಂಟಿನಲ್ಲಿತ್ತು. ಸುಗ್ಗಿಯ ತಿಂಗಳುಗಳಲ್ಲೂ ಅವರು ಕ್ಯಾಶ್ ಕ್ರೆಡಿಟ್ ಮಿತಿಯನ್ನು ಪೂರ್ತಿ ಬಳಸಿರಲಿಲ್ಲ. ಇನ್ನೂ ಭತ್ತ ಹಿಡಿಯುವಷ್ಟು ಅವಕಾಶ ಉಳಿದಿತ್ತು. ಹಾಗಿರುವಾಗ ಭತ್ತದ ವ್ಯಾಪಾರ ಅಷ್ಟು ಲಾಭದ್ದಾದರೆ ಬಾಯ್ಲರ್ ಹಾಕಿದರೂ ಬ್ಯಾಂಕಿನ ಹಣದಲ್ಲಿ ಅದನ್ನು ಮಾಡಬಹುದು. ಸಾರ್ಟೆಕ್ಸ್ ಹಾಕಿದರೆ ಮಾತ್ರ ತೆರೆಯುವ ಬಾಗಿಲು ಅದಲ್ಲವಾದ್ದರಿಂದ ಅದರ ಲಾಭವನ್ನು ಸಾರ್ಟೆಕ್ಸ್‌ನ ಖಾತೆಗೆ ಬರೆಯುವುದು ಸರಿಯಲ್ಲ. ಬಂಡವಾಳದ ವೆಚ್ಚದ ದರದಲ್ಲಿ ಬೇಕಾದಷ್ಟು ಹಣ ಸಿಗುವವನಿಗೆ, ಬೇಗ ಕೈಸೇರಿದ ರೂಪಾಯಿಯ ಬೆಲೆ ಆ ದರಕ್ಕಿಂತ ಹೆಚ್ಚಲ್ಲ. ಎನ್‌ಪಿವಿಯನ್ನು ನಂಬುವುದಕ್ಕೆ ನನಗಿರುವ ಕಾರಣ ಇದೇ.

ಮಿತಿ ತುಂಬಿಹೋಗಿ, ಬ್ಯಾಂಕು ಇನ್ನು ಒಂದು ರೂಪಾಯಿಯನ್ನೂ ಕೊಡದ ಸ್ಥಿತಿ ಇದ್ದಿದ್ದರೆ ನಾನು ಬೇರೆ ರೀತಿ ಬರೆಯುತ್ತಿದ್ದೆ. ಆಗ ಸಾರ್ಟೆಕ್ಸ್‌ನಿಂದ ಬರುವ 70 ಲಕ್ಷವಿಲ್ಲದೆ ಭತ್ತ ಹಿಡಿಯಲಾಗದು, ಆ ಲಾಭ ನಿಜಕ್ಕೂ ಅದರದೇ ಆಗುತ್ತಿತ್ತು. ಆಗಲೂ ಐಆರ್‌ಆರ್ ಹೆಚ್ಚಿದೆ ಎಂದು ಸಾರ್ಟೆಕ್ಸ್ ಆರಿಸುವುದಲ್ಲ. ಮರುಹೂಡಿಕೆಯ ಹರಿವನ್ನು ವರ್ಷ ವರ್ಷಕ್ಕೆ ಬರೆದು ಎನ್‌ಪಿವಿಯನ್ನೇ ಮತ್ತೆ ಕಟ್ಟಬೇಕು. ಮರುಹೂಡಿಕೆ ಶೇಕಡ 14 ಎಂದಿಟ್ಟರೆ ಮೂರು ವರ್ಷದ ಕೊನೆಗೆ ಸಾರ್ಟೆಕ್ಸ್ 156.57 ಲಕ್ಷ, ಬಾಯ್ಲರ್ 155.09 ಲಕ್ಷ ಆಗುತ್ತದೆ.

ಬ್ಯಾಂಕಿಗೆ ಹೋದ ರಿಪೋರ್ಟಿನಲ್ಲಿ ಬಾಯ್ಲರನ್ನು ಶಿಫಾರಸು ಮಾಡಿ, ಎರಡೂ ಐಆರ್‌ಆರ್‌ಗಳನ್ನು ಮುಚ್ಚಿಡದೆ ಕೊಟ್ಟು, ಅವುಗಳ ಕೆಳಗೆ ಶೇಕಡ 12.8ರ ಸಾಲನ್ನು ಬರೆದೆವು. ಬಾಯ್ಲರ್‌ಗೆ ಮುಂಗಡ ಕಟ್ಟುವ ಮೊದಲು ಕ್ಯಾಶ್ ಕ್ರೆಡಿಟ್ ಮಿತಿ ಕಡಿತವಾದರೆ ಅಥವಾ ಮಾಲೀಕರು ಕರಾರಿನ ಕೊನೆಯ ಬೆಲೆಯನ್ನು ಇಳಿಸಿದರೆ ಲೆಕ್ಕವನ್ನು ಮತ್ತೆ ಮಾಡಬೇಕೆಂದೂ ಅಲ್ಲೇ ನಮೂದಿಸಿದೆವು. ಮೂರನೆಯ ವರ್ಷದ 90 ಲಕ್ಷದಲ್ಲಿ ಸುಮಾರು 3.45 ಲಕ್ಷ ಕಡಿಮೆಯಾದರೂ ಸಾಕು, ಶೇಕಡ 10ರಲ್ಲಿಯೇ ಎರಡೂ ಸರಿಸಮವಾಗಿ ನಿಲ್ಲುತ್ತವೆ.