ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ, ಪೆರೇಸಂದ್ರದ ಮೇಲೆ

ನಮ್ಮ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಹೋಗುವ 44ನೇ ನಂಬರಿನ ಹೆದ್ದಾರಿ ದೇಶದ ಅತಿ ಉದ್ದದ ರಸ್ತೆ. ಒಂದು ತುದಿ ಶ್ರೀನಗರ, ಇನ್ನೊಂದು ಕನ್ಯಾಕುಮಾರಿ. ಹೋದ ತಿಂಗಳು ಒಂದು ಸಂಜೆ ಅಕ್ಕನ ಮಗನ ಜೊತೆ ಆ ರಸ್ತೆ ಬದಿಯ ಟೀ ಅಂಗಡಿಯಲ್ಲಿ ನಿಂತಿದ್ದೆ. ಹೆಗಲಿಗೊಂದು ಗಂಟು ಕಟ್ಟಿಕೊಂಡ ಒಬ್ಬ ಹಿರಿಯರು ಬರಿಗಾಲಲ್ಲಿ ಉತ್ತರದ ಕಡೆ ನಡೆದು ಹೋದರು. ಹುಡುಗ ಅವರು ಮರೆಯಾಗುವ ತನಕ ನೋಡಿದ. ಆಮೇಲೆ ಕೇಳಿದ.

"ಚಿಕ್ಕಮ್ಮ, ಈ ರಸ್ತೆ ಪೂರ್ತಿ ನಡೆದ್ರೆ ಎಷ್ಟು ದಿನ ಆಗುತ್ತೆ?"

"ಫೋನ್ ನೋಡಬೇಡ. ನಾವೇ ಅಂದಾಜು ಮಾಡೋಣ" ಅಂದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಇಂಥ ಪ್ರಶ್ನೆ ಅಂದರೆ ನನಗೆ ಪ್ರಾಣ. ಎನ್ರಿಕೊ ಫರ್ಮಿ ಅನ್ನೋ ಭೌತವಿಜ್ಞಾನಿ ಇದರಲ್ಲಿ ಪಳಗಿದವರು. 1945ರಲ್ಲಿ ಮೊದಲ ಅಣುಬಾಂಬ್ ಪರೀಕ್ಷೆ ನಡೆದಾಗ ಅವರು ಕೈಯಲ್ಲಿದ್ದ ಕಾಗದದ ಚೂರುಗಳನ್ನು ಗಾಳಿಗೆ ಬಿಟ್ಟು, ಅವು ಎಷ್ಟು ದೂರ ಹಾರಿದವು ಅಂತ ನೋಡಿ ಸ್ಫೋಟದ ಬಲವನ್ನು ಲೆಕ್ಕ ಹಾಕಿದರು. ಅವರ ಲೆಕ್ಕಕ್ಕೆ ಬಂದದ್ದು ನಿಜವಾದ ಬಲದ ಸುಮಾರು ಅರ್ಧ. ಕಾಗದದ ಚೂರಿನಿಂದ ಅಷ್ಟು ಹತ್ತಿರ! ಅದಕ್ಕೇ ಇಂಥ ಲೆಕ್ಕಕ್ಕೆ ಫರ್ಮಿ ಅಂದಾಜು ಅಂತಾರೆ.

ಮನೆಗೆ ಬಂದು ಅಟ್ಲಾಸ್ ತೆಗೆದೆವು. ಕನ್ಯಾಕುಮಾರಿ 8 ಡಿಗ್ರಿ ಅಕ್ಷಾಂಶದಲ್ಲಿದೆ, ಶ್ರೀನಗರ 34ರಲ್ಲಿ. ನಡುವೆ 26 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ. ಹಾಗಾಗಿ ನೇರವಾಗಿ ಸುಮಾರು 2,900 ಕಿ.ಮೀ. ಆದರೆ ರಸ್ತೆ ಹಕ್ಕಿಯ ಹಾಗೆ ನೇರ ಹೋಗಲ್ಲ. ಊರಿಂದ ಊರಿಗೆ ಬಳಸಿ, ಬೆಟ್ಟ ಸುತ್ತಿ ಹೋಗುತ್ತೆ. ದೂರದ ರಸ್ತೆಗಳಿಗೆ ನೂರಕ್ಕೆ ಮೂವತ್ತು ಜಾಸ್ತಿ ಹಿಡಿದರೆ ಸಾಮಾನ್ಯವಾಗಿ ಸರಿಹೋಗುತ್ತೆ. 3,770 ಬಂತು. ಆಮೇಲೆ ಹೆದ್ದಾರಿಯ ನಿಜವಾದ ಉದ್ದ ನೋಡಿದೆವು. 3,745! ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ.

ಮುಂದಿನದನ್ನು ಅವನೇ ಮಾಡಿದ. ಗಂಟೆಗೆ 5 ಕಿ.ಮೀ. ನಡೆದರೆ 749 ಗಂಟೆ. ಅದನ್ನು 24ರಿಂದ ಭಾಗಿಸಿ "31 ದಿನ, ಒಂದೇ ತಿಂಗಳು!" ಅಂದ.

"ರಾತ್ರಿ ಮಲಗಬೇಕಲ್ವಾ?"

ಎಂಟು ಗಂಟೆ ನಿದ್ದೆ ಕಳೆದ. ದಿನಕ್ಕೆ 16 ಗಂಟೆ ನಡಿಗೆ, 47 ದಿನ. ಊಟ, ಸ್ನಾನ, ಬಿಸಿಲು ಯಾವುದೂ ಅವನ ಲೆಕ್ಕದಲ್ಲಿ ಇರಲಿಲ್ಲ. ತಪ್ಪು ಅಂತ ನಾನು ಹೇಳಲಿಲ್ಲ. ಯಾವ ಅಂಕಿ ಎಷ್ಟು ಅಲ್ಲಾಡುತ್ತೆ ನೋಡು ಅಂದೆ. ದೂರ ನಮಗೆ ಗೊತ್ತು, ಅದು ಅಲ್ಲಾಡಲ್ಲ. ನಡಿಗೆಯ ವೇಗ 4ಕ್ಕಿಂತ ತುಂಬಾ ಕಮ್ಮಿ ಇರಲ್ಲ, 6ಕ್ಕಿಂತ ಜಾಸ್ತಿಯೂ ಇರಲ್ಲ. ಅದೂ ಸ್ವಲ್ಪವೇ ಅಲ್ಲಾಡುತ್ತೆ. ಆದರೆ ದಿನಕ್ಕೆ ಎಷ್ಟು ಗಂಟೆ ನಡೆಯಬಹುದು? 4 ಇರಬಹುದು, 10 ಇರಬಹುದು, ಅವನ ಪ್ರಕಾರ 16. ಉತ್ತರ ಕೆಡುವುದು ಇಲ್ಲೇ. ವೇಗವನ್ನು ಐದೋ ಐದೂವರೆಯೋ ಅಂತ ತೂಗುತ್ತಾ ಕೂತರೆ ಏನೂ ಸಿಗಲ್ಲ. ಅಳೆಯಬೇಕಾದ್ದು ಗಂಟೆಗಳನ್ನು.

"ಹಾಗಾದ್ರೆ ನಡೆದು ನೋಡೋಣ ಚಿಕ್ಕಮ್ಮ" ಅಂದ.

ಮುಂದಿನ ಭಾನುವಾರ ಬೆಳಿಗ್ಗೆ 5:40ಕ್ಕೆ ಮನೆ ಬಿಟ್ಟೆವು. ಪೆರೇಸಂದ್ರ ನಮ್ಮ ಮನೆಯಿಂದ ಸುಮಾರು 17 ಕಿ.ಮೀ. ಅಲ್ಲಿಂದ ಬಸ್ಸಲ್ಲಿ ವಾಪಸ್ ಅಂತ ಮಾತಾಗಿತ್ತು. ಬೆಳಕು ಪೂರ್ತಿ ಹರಿದಿರಲಿಲ್ಲ, ತಣ್ಣಗಿತ್ತು. ಮೊದಲ ಗಂಟೆಯಲ್ಲಿ 5 ಕಿ.ಮೀ.ಗಿಂತ ಜಾಸ್ತಿಯೇ ನಡೆದೆವು. ಹುಡುಗ ಪ್ರತಿ ಕಲ್ಲಿನ ಹತ್ತಿರ ಟೈಮ್ ಬರೆದುಕೊಳ್ಳುತ್ತಿದ್ದ. ಆಮೇಲೆ ನೀರು ಕುಡಿಯಲು ನಿಂತೆವು. ಶೂ ಒಳಗೆ ಸೇರಿದ ಮರಳು ಕೊಡವಲು ನಿಂತೆವು. ಇಡ್ಲಿಗೆ ಅರ್ಧ ಗಂಟೆ ಮೇಲಾಯ್ತು. ಲಾರಿಗಳು ಜೋರಾಗಿ ಬಂದಾಗಲೆಲ್ಲ ರಸ್ತೆ ಬಿಟ್ಟು ಮಣ್ಣಿಗೆ ಇಳಿದೆವು. ಎಂಟೂವರೆ ಹೊತ್ತಿಗೆ ಅವನ ಬಲಗಾಲಿನ ಹಿಮ್ಮಡಿ ಉರಿಯೋಕೆ ಶುರುವಾಯ್ತು. ಕಾಲುಚೀಲ ಬಿಚ್ಚಿ ನೋಡಿದರೆ ಎಂಟಾಣೆ ಅಗಲದ ಕೆಂಪು ಮಚ್ಚೆ, ನಡುವೆ ನೀರುಗುಳ್ಳೆ. ಪಟ್ಟಿ ಅಂಟಿಸಿದೆ. ಪೆರೇಸಂದ್ರ ತಲುಪಿದಾಗ 10:25.

ಬಸ್ಸಿನಲ್ಲೇ ಲೆಕ್ಕ ಮಾಡಿದೆವು. ಒಟ್ಟು 4 ಗಂಟೆ 45 ನಿಮಿಷ. ಅದರಲ್ಲಿ ನಿಂತದ್ದು, ಕೂತದ್ದು 70 ನಿಮಿಷ. ನಡೆದ ಹೊತ್ತನ್ನಷ್ಟೇ ಹಿಡಿದರೆ ಗಂಟೆಗೆ 4.7 ಕಿ.ಮೀ., ಐದು ಅನ್ನೋ ಊಹೆಗೆ ಹತ್ತಿರವೇ. ಆದರೆ ಮನೆ ಬಿಟ್ಟಾಗಿನಿಂದ ಹಿಡಿದರೆ 3.6 ಮಾತ್ರ. ದೂರದ ನಡಿಗೆಗೆ ಬಳಸಬೇಕಾದ್ದು ಈ ಎರಡನೇ ಅಂಕಿಯನ್ನೇ. ಬೆಳಿಗ್ಗೆ ಇಷ್ಟು ಹೊತ್ತು, ಬಿಸಿಲು ಇಳಿದ ಮೇಲೆ ನಾಲ್ಕರಿಂದ ಆರೂವರೆ ತನಕ, ಒಟ್ಟು ಏಳೂಕಾಲು ಗಂಟೆ. ದಿನಕ್ಕೆ 26 ಕಿ.ಮೀ.

ಇಷ್ಟಕ್ಕೇ ಬಿಟ್ಟಿದ್ದರೆ ಅದೂ ತಪ್ಪಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಅವನು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದ. ನನ್ನ ಮೀನಖಂಡವೂ ಕಲ್ಲಾಗಿತ್ತು. ಮೊದಲ ದಿನದ ದೂರ ಪ್ರತಿದಿನದ ದೂರ ಅಲ್ಲ ಅನ್ನೋದನ್ನು ನಾನು ಬಾಯಲ್ಲಿ ಹೇಳಬೇಕಾಗಲಿಲ್ಲ. ಅವನೇ ಪೆನ್ನು ತಗೊಂಡು ಏಳು ದಿನಕ್ಕೊಂದು ದಿನ ವಿಶ್ರಾಂತಿ ಸೇರಿಸಿದ. ಸರಾಸರಿ 22 ಕಿ.ಮೀ.ಗೆ ಇಳಿಯಿತು. 3,745ನ್ನು 22ರಿಂದ ಭಾಗಿಸಿದರೆ 170 ದಿನ. ಅವನು 170.23 ಅಂತ ಬರೆದಿದ್ದ, ಚುಕ್ಕಿಯಿಂದ ಆಚೆಗಿನದನ್ನು ಹೊಡೆದು ಹಾಕಿಸಿದೆ. ನಾಲ್ಕು ಅಂದಾಜು ಸೇರಿ ಹುಟ್ಟಿದ ಉತ್ತರ ಗಂಟೆಯ ಲೆಕ್ಕ ಹೇಳಲಾರದು. ಐದೂವರೆ ತಿಂಗಳು, ಅದಕ್ಕಿಂತ ಒಂದು ತಿಂಗಳು ಜಾಸ್ತಿಯೂ ಆಗಬಹುದು, ಕಮ್ಮಿಯೂ ಆಗಬಹುದು. ಅಷ್ಟು ಹೇಳಬಹುದು.

ಇದು ನಿಜಕ್ಕೆ ಹತ್ತಿರವೋ ಅಲ್ಲವೋ ಅಂತ ನೋಡಲು ನಡೆದವರ ಲೆಕ್ಕ ಇದೆ. 1983ರಲ್ಲಿ ಚಂದ್ರಶೇಖರ್, ಮುಂದೆ ಪ್ರಧಾನಿಯಾದವರು, ಜನವರಿ 6ಕ್ಕೆ ಕನ್ಯಾಕುಮಾರಿಯಿಂದ ಹೊರಟು ಜೂನ್ 25ಕ್ಕೆ ದೆಹಲಿಯ ರಾಜಘಾಟ್ ತಲುಪಿದರು. ಬಳಸಿಕೊಂಡು ಹೋದದ್ದರಿಂದ ಸುಮಾರು 4,260 ಕಿ.ಮೀ. ಆಯ್ತು. 171 ದಿನ, ದಿನಕ್ಕೆ 25 ಕಿ.ಮೀ. ಆಗ ಅವರಿಗೆ 55ರ ಆಸುಪಾಸು. ಗಾಂಧೀಜಿಯ ದಂಡಿ ಯಾತ್ರೆ ಸುಮಾರು 385 ಕಿ.ಮೀ., 24 ದಿನ. ದಿನಕ್ಕೆ 16. ಅಲ್ಲಿ ಊರೂರಲ್ಲಿ ಸಭೆ ಇತ್ತು, ವಾರಕ್ಕೊಂದು ಬಿಡುವೂ ಇತ್ತು. ನಮ್ಮ 22 ಎರಡರ ನಡುವೆ ಬಂದು ಕೂತಿತು. ಆ 31 ದಿನದ ಲೆಕ್ಕಕ್ಕೆ ದಿನಕ್ಕೆ 120 ಕಿ.ಮೀ. ಬೇಕಿತ್ತು. ಆವತ್ತೇ ಹೀಗೆ ತಿರುಗಿಸಿ ನೋಡಿದ್ದರೆ ತಪ್ಪು ತಾನಾಗೇ ಕಾಣುತ್ತಿತ್ತು.

ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಯಾವ ತಿಂಗಳು ಹೊರಡ್ತೀಯಪ್ಪ?"

ಅದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಐದೂವರೆ ತಿಂಗಳು ಅಂದರೆ ಒಂದು ಕಾಲ ಪೂರ್ತಿ ದಾಟಿ ಇನ್ನೊಂದಕ್ಕೆ ಕಾಲಿಡಬೇಕು. ಮೇ ತಿಂಗಳಲ್ಲಿ ನಾಗಪುರದ ಹತ್ತಿರ ಸಿಕ್ಕಿಹಾಕಿಕೊಂಡರೆ ದಿನಕ್ಕೆ 22 ಎಲ್ಲಿಂದ ಬರಬೇಕು? ಜನವರಿಯಲ್ಲಿ ಜಮ್ಮು-ಕಾಶ್ಮೀರದ ಬನಿಹಾಲ್ ಹತ್ತಿರ ಇದ್ದರೆ ಹಿಮ. ಹುಡುಗ ಕ್ಯಾಲೆಂಡರ್ ಇಳಿಸಿ ನೆಲದ ಮೇಲೆ ಹರಡಿದ. ನವೆಂಬರ್ 15ಕ್ಕೆ ಹೊರಟರೆ ಫೆಬ್ರವರಿ ಮೊದಲಲ್ಲಿ ನಾಗಪುರ, ಮಾರ್ಚ್ ಕೊನೆಗೆ ದೆಹಲಿ, ಮೇ ಮೊದಲ ವಾರ ಶ್ರೀನಗರ. ಬಿಸಿಲು, ಹಿಮ ಎರಡೂ ತಪ್ಪುತ್ತವೆ.

"ನಮ್ಮೂರಿಗೆ ಯಾವಾಗ?" ಅಂದರು ಅಪ್ಪ.

ಕನ್ಯಾಕುಮಾರಿಯಿಂದ ಇಲ್ಲಿಗೆ 730 ಕಿ.ಮೀ. ಆಸುಪಾಸು. 33 ದಿನ. ಅವನು ಡಿಸೆಂಬರ್ ಹಾಳೆ ತಿರುಗಿಸಿ 18ರ ಸುತ್ತ ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದು, ಪಕ್ಕದಲ್ಲಿ "ತಾತನ ಮನೆ, ಊಟ" ಅಂತ ಬರೆದ.